ವರದಿ ‘ಸೆನ್ಸಿಟಿವ್’ ಅಂದರೂ ಜ್ವರ ಮರುಕಳಿಸಿದ್ದೇಕೆ?

*ಮಗನಿಗೆ ಟೈಫಾಯಿಡ್ ಆಗಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೋರ್ಸ್ ಪೂರ್ತಿ ಕೊಡಿಸಿದೆವು. ಜ್ವರ ಬಿಟ್ಟು ಎರಡು ವಾರಕ್ಕೆ ಮತ್ತೆ ಬಂತು. ಬ್ಲಡ್ ಕಲ್ಚರ್‌ನಲ್ಲಿ ಅದೇ ಬ್ಯಾಕ್ಟೀರಿಯಾ, ಅದೇ ಔಷಧಿಗೆ ಮತ್ತೆ ‘ಸೆನ್ಸಿಟಿವ್’. ಔಷಧಿಗೆ ಬಗ್ಗದಂತಾಗಿದೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ನಾವೇನಾದರೂ ತಪ್ಪು ಮಾಡಿದೆವಾ? — ಓದುಗರು, ಚಿಂತಾಮಣಿ*

ನಿಮ್ಮ ತಪ್ಪು ಏನೂ ಇಲ್ಲ. ಕೋರ್ಸ್ ಪೂರ್ತಿ ಮುಗಿಸಿದವರಲ್ಲೂ ಟೈಫಾಯಿಡ್ ಹೀಗೆ ಮರುಕಳಿಸುವುದುಂಟು. ಜ್ವರ ಬಿಟ್ಟ ಎರಡು ಮೂರು ವಾರದಲ್ಲಿ ಬರುವುದೇ ಹೆಚ್ಚು.

ನೀವು ಕಳಿಸಿದ ಎರಡೂ ವರದಿಗಳಲ್ಲಿ ಸೆಫ್ಟ್ರಿಯಾಕ್ಸೋನ್ ಎದುರಿಗೆ ‘ಎಂಐಸಿ’ 0.25 ಅಥವಾ ಅದಕ್ಕಿಂತ ಕಡಿಮೆ ಎಂದಿದೆ. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಕನಿಷ್ಠ ಎಷ್ಟು ಔಷಧಿ ಬೇಕು ಎಂಬುದರ ಅಳತೆ ಅದು. ಜೀನ್ ಬದಲಾಗಿ ನಿಜವಾದ ಪ್ರತಿರೋಧ ಬಂದಿದ್ದರೆ ಈ ಅಂಕಿ ಏರಿರುತ್ತಿತ್ತು. 4 ಅಥವಾ ಅದಕ್ಕಿಂತ ಹೆಚ್ಚಾದರೆ ಆ ಔಷಧಿ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಮಗನಲ್ಲಿ ಅಂಕಿ ಏರಿಲ್ಲ, ಅದಕ್ಕೇ ‘ಸೆನ್ಸಿಟಿವ್’, ಅಂದರೆ ಔಷಧಿಗೆ ಬಗ್ಗುತ್ತದೆ ಎಂದು ಬರೆದಿದ್ದಾರೆ. ಆದರೆ ಈ ಪರೀಕ್ಷೆ ನೋಡುವುದು ಬೆಳವಣಿಗೆ ನಿಂತಿತೇ ಎಂದು ಮಾತ್ರ. ಸಾಯದೆ ಎಷ್ಟು ಉಳಿದವು ಎಂದು ಎಣಿಸುವುದಿಲ್ಲ.

ಆ ಲೆಕ್ಕ ಹಾಕಿದವರು ಡಬ್ಲಿನ್‌ನ ಬ್ಯಾಕ್ಟೀರಿಯಾ ತಜ್ಞ ಜೋಸೆಫ್ ಬಿಗರ್, 1944ರಲ್ಲಿ. ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ತುಂಬಿದ ದ್ರವಕ್ಕೆ ಪೆನಿಸಿಲಿನ್ ಹಾಕಿದರು. ಬಹುಪಾಲು ಸತ್ತವು, ಸುಮಾರು ಹತ್ತು ಲಕ್ಷಕ್ಕೊಂದು ಉಳಿಯಿತು. ಉಳಿದವನ್ನು ಬೆಳೆಸಿ ಮತ್ತೆ ಪೆನಿಸಿಲಿನ್ ಕೊಟ್ಟರೆ ಮರಿಗಳಲ್ಲೂ ಬಹುಪಾಲು ಹಿಂದಿನಂತೆಯೇ ಸತ್ತು, ಅಷ್ಟೇ ಕೆಲವು ಉಳಿದವು. ಇವಕ್ಕೆ ಅವರು ‘ಪರ್ಸಿಸ್ಟರ್’ ಎಂದು ಹೆಸರಿಟ್ಟರು.

ಪೆನಿಸಿಲಿನ್, ಸೆಫ್ಟ್ರಿಯಾಕ್ಸೋನ್ ಎರಡೂ ಬ್ಯಾಕ್ಟೀರಿಯಾ ತನ್ನ ಹೊರಗೋಡೆ ಕಟ್ಟುವ ಕೆಲಸವನ್ನು ಕೆಡಿಸಿ ಕೊಲ್ಲುತ್ತವೆ. ಬೆಳೆಯದೆ ಸುಮ್ಮನಿರುವ ಕೋಶ ಗೋಡೆ ಕಟ್ಟುತ್ತಲೇ ಇರುವುದಿಲ್ಲ, ಹಾಗಾಗಿ ಕೆಡಿಸಲು ಏನೂ ಸಿಗುವುದಿಲ್ಲ. ಹೊಲದಲ್ಲಿ ಕುಂಟೆ ಹೊಡೆದರೆ ಮೊಳೆತ ಕಳೆಯೆಲ್ಲ ಸಾಯುತ್ತದೆ, ಮಣ್ಣೊಳಗಿನ ಬೀಜ ಉಳಿದು ಮುಂದಿನ ಮಳೆಗೆ ಹುಟ್ಟುತ್ತದೆ; ಅದು ಕುಂಟೆಗೆ ಬಗ್ಗದ ಬೇರೆ ತಳಿಯಲ್ಲ. 2004ರಲ್ಲಿ ವಿಜ್ಞಾನಿ ನಥಾಲಿ ಬಲಬಾನ್ ತಂಡ ಇ. ಕೋಲಿ ಬ್ಯಾಕ್ಟೀರಿಯಾ ಕೋಶಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದಡಿ ಗಮನಿಸಿ, ಉಳಿಯುವವು ಔಷಧಿ ಬೀಳುವ ಮೊದಲೇ ನಿಧಾನಗೊಂಡಿದ್ದವು ಎಂದು ತೋರಿಸಿತು.

ಟೈಫಾಯಿಡ್ ತರುವ ಸಾಲ್ಮೊನೆಲ್ಲಾಗೆ ಇನ್ನೊಂದು ಆಸರೆ ಇದೆ: ನಮ್ಮದೇ ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳ ಒಳಗೆ ಸೇರಿಕೊಳ್ಳುತ್ತದೆ. ಅದರ ಹತ್ತಿರದ ಬಂಧುವಾದ ಸಾಲ್ಮೊನೆಲ್ಲಾವನ್ನು ಇಲಿಗಳಲ್ಲಿ ನೋಡಿದಾಗ, ಹೀಗೆ ಒಳಹೊಕ್ಕ ಕೆಲವು ಬೆಳವಣಿಗೆ ನಿಲ್ಲಿಸಿ ಪರ್ಸಿಸ್ಟರ್ ಆಗುವುದು ಕಂಡಿದೆ. ಸೆಫ್ಟ್ರಿಯಾಕ್ಸೋನ್ ಕೋಶದೊಳಗೆ ಚೆನ್ನಾಗಿ ಇಳಿಯುವುದಿಲ್ಲ. ಅಜಿತ್ರೋಮೈಸಿನ್ ಅಲ್ಲೇ ಶೇಖರವಾಗುತ್ತದೆ. ಎರಡನೇ ಸಲ ಯಾವುದು, ಎಷ್ಟು ದಿನ ಎಂದು ವೈದ್ಯರನ್ನು ಕೇಳುವಾಗ ಈ ವಿಷಯ ಪ್ರಸ್ತಾಪಿಸಿ.

ಮರುಕಳಿಸಿದ್ದೆಲ್ಲ ಪರ್ಸಿಸ್ಟರ್‌ನಿಂದಲೇ ಎನ್ನಲಾಗದು. ಕೆಟ್ಟ ನೀರಿನಿಂದ ಹೊಸ ಸೋಂಕು ತಗುಲಿರಬಹುದು, ಪಿತ್ತಕೋಶದ ಕಲ್ಲಿನ ಮೇಲೆ ಬ್ಯಾಕ್ಟೀರಿಯಾ ಪದರ ಕಟ್ಟಿಕೊಂಡು ಕುಳಿತಿರಬಹುದು. ಮೂರನೇ ಸಲ ಬಂದರೆ ಔಷಧಿ ಶುರುಮಾಡುವ ಮೊದಲೇ ಬ್ಲಡ್ ಕಲ್ಚರ್ ಕೊಟ್ಟು ಎಂಐಸಿ ಅಂಕಿಯನ್ನು ಈ ಎರಡರ ಪಕ್ಕ ಇಟ್ಟು ನೋಡಿಸಿ, ಪಿತ್ತಕೋಶದ ಸ್ಕ್ಯಾನಿಂಗ್ ಬೇಕೇ ಎಂದೂ ಕೇಳಿ.