ಗ್ರೈಂಡರ್ ಎಷ್ಟು ತೊಳೆದರೂ ಹುಳಿ ವಾಸನೆ

ಪ್ರಶ್ನೆ: ವಾರಕ್ಕೊಮ್ಮೆ ದೋಸೆ ಹಿಟ್ಟು ರುಬ್ಬುತ್ತೇನೆ. ಎಷ್ಟು ತೊಳೆದರೂ ಮುಂದಿನ ಸಲ ಮುಚ್ಚಳ ತೆಗೆದಾಗ ಹುಳಿ ವಾಸನೆ ಬರುತ್ತದೆ. ಏನು ಮಾಡಲಿ?

ಉತ್ತರ: ವಾಸನೆ ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಜಾಗದಿಂದ ಬರುವುದಿಲ್ಲ. ಗುಂಡುಕಲ್ಲಿನ ನಡುವಿನ ತೂತಿಗೆ ಬೆರಳು ಹಾಕಿ ಮೂಸಿ ನೋಡಿ. ಬೆರಳಿಗೆ ಲೋಳೆ ಅಂಟಿದರೆ ಕಳ್ಳ ಸಿಕ್ಕಿದ ಹಾಗೆಯೇ! ಉದ್ದಿನ ಹಿಟ್ಟು ಅಲ್ಲಿ ಸೇರಿಕೊಂಡು ಹುಳಿಯುತ್ತಿರುತ್ತದೆ.

ಹಿಟ್ಟು ತೆಗೆದ ಕೂಡಲೇ ಎರಡು ಲೋಟ ನೀರು ಹಾಕಿ ಎರಡು ನಿಮಿಷ ಓಡಿಸಿ. (ಆ ನೀರನ್ನು ನಾನು ಹಿಟ್ಟಿಗೇ ಸೇರಿಸುತ್ತೇನೆ.) ಆಮೇಲೆ ಪ್ಲಗ್ ತೆಗೆದು, ಕಲ್ಲುಗಳನ್ನು ಬಿಚ್ಚಿ, ತೂತಿನೊಳಗೆ ಬಾಟಲಿ ತೊಳೆಯುವ ಬ್ರಷ್ ಆಡಿಸಿ. ಹಿಟ್ಟು ಕೆರೆಯುವ ಪಟ್ಟಿಯ ಹಿಂಭಾಗ, ಡ್ರಮ್ಮಿನ ನಡುಗಂಬದ ಬುಡ ಎರಡನ್ನೂ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಸೋಪು ಬೇಡ, ಕಲ್ಲಿನ ಸಣ್ಣ ರಂಧ್ರಗಳಲ್ಲಿ ಅದರ ವಾಸನೆ ಉಳಿಯುತ್ತದೆ. ಕುದಿಯುವ ನೀರೂ ಬೇಡ, ತಳದ ಕಲ್ಲನ್ನು ಹಿಡಿದಿರುವ ಅಂಟು ಸಡಿಲವಾಗಬಹುದು.

ಈಗಾಗಲೇ ವಾಸನೆ ಹಿಡಿದಿದ್ದರೆ ನೆನೆಸಿದ ಒಂದು ಹಿಡಿ ಅಕ್ಕಿಗೆ ಒಂದು ಚಮಚ ಕಲ್ಲುಪ್ಪು ಸೇರಿಸಿ, ಐದು ನಿಮಿಷ ರುಬ್ಬಿ ಚೆಲ್ಲಿ. ಹಳೇ ಹಿಟ್ಟನ್ನು ಅದು ಉಜ್ಜಿ ತೆಗೆಯುತ್ತದೆ.

ಜಾಸ್ತಿ ಜನ ತಪ್ಪುವುದು ಒಣಗಿಸುವುದರಲ್ಲಿ. ಒದ್ದೆ ಕಲ್ಲನ್ನು ಡ್ರಮ್ಮಿನೊಳಗೇ ಇಟ್ಟು ಮುಚ್ಚಳ ಹಾಕಿದರೆ ಎಷ್ಟು ತೊಳೆದರೂ ಸುಮ್ನೆ. ಡ್ರಮ್ ಬೋರಲು ಹಾಕಿ, ಕಲ್ಲುಗಳನ್ನು ಹೊರಗೆ ಗಾಳಿಗೆ ಇಡಿ. ಕಲ್ಲು ನೀರು ಹೀರಿರುತ್ತದೆ, ಹಾಗಾಗಿ ಮಳೆಗಾಲದಲ್ಲಿ ಒಂದು ದಿನ ಪೂರ್ತಿ ಬೇಕು. ಜೋಡಿಸಿದ ಮೇಲೂ ಮುಚ್ಚಳದ ಬದಲು ತೆಳು ಬಟ್ಟೆ ಹೊದಿಸಿ.