ಸೂಚನೆಯಿಲ್ಲದೆ ಕಚ್ಚಿತು ಎನ್ನುವ ಮೊದಲು

ನಮ್ಮ ಲ್ಯಾಬ್ರಡಾರ್‌ಗೆ ಆರು ವರ್ಷ, ಬಹಳ ಸಾಧು. ಗಣೇಶ ಚೌತಿಗೆ ಬಂದಿದ್ದ ಅಣ್ಣನ ನಾಲ್ಕು ವರ್ಷದ ಮಗಳು ಅದನ್ನು ತಬ್ಬಿಕೊಂಡಾಗ ಕೆನ್ನೆಗೆ ಬಾಯಿ ಹಾಕಿಬಿಟ್ಟಿತು. ಅದುವರೆಗೂ ಬಾಲ ಅಲ್ಲಾಡಿಸುತ್ತಿತ್ತು, ನಾಲಿಗೆ ಸವರಿಕೊಳ್ಳುತ್ತಿತ್ತು. ಗುರ್ ಎಂದೂ ಅನ್ನಲಿಲ್ಲ. ಯಾವ ಸೂಚನೆಯೂ ಇಲ್ಲದೆ ಹೀಗೇಕೆ ಮಾಡಿತು? ಆಗ ತೆಗೆಯುತ್ತಿದ್ದ ವಿಡಿಯೊ ಕಳುಹಿಸಿದ್ದೇನೆ.
— ಓದುಗರು, ಡೊಂಬಿವಲಿ

ಮಗುವನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ದು ಚುಚ್ಚುಮದ್ದು ಕೊಡಿಸಿದ್ದೀರಿ ಎಂದು ಫೋನಿನಲ್ಲಿ ತಿಳಿಸಿದಿರಿ. ಅದೊಂದು ಸರಿಯಾಗಿ ಆಗಿರುವುದರಿಂದ ಉಳಿದದ್ದನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳುತ್ತೇನೆ. ಇಪ್ಪತ್ತು ವರ್ಷಗಳಿಂದ ಪ್ರತಿ ಹಬ್ಬ ಮುಗಿದ ಮೇಲೆ ನನ್ನ ಬಳಿಗೆ ಇದೇ ಪ್ರಶ್ನೆ ಬರುತ್ತದೆ, ಮತ್ತು ಪ್ರತಿ ಸಲವೂ ಅದರಲ್ಲಿ ‘ಸೂಚನೆಯೇ ಇಲ್ಲದೆ’ ಎಂಬ ಮಾತು ಇದ್ದೇ ಇರುತ್ತದೆ. ನಿಮ್ಮ ವಿಡಿಯೊ ಇರುವುದು ಮೂವತ್ತೊಂದು ಸೆಕೆಂಡು. ನಾನು ಅದನ್ನು ಧ್ವನಿ ಮುಚ್ಚಿ, ವೇಗ ತಗ್ಗಿಸಿ ನೋಡಿದೆ. ಧ್ವನಿ ಮುಚ್ಚಿದ್ದಕ್ಕೆ ಕಾರಣವಿದೆ: ಮನೆಯವರ ನಗು ಕೇಳಿಸುತ್ತಿದ್ದರೆ ನೋಡುವವರಿಗೂ ಎಲ್ಲವೂ ಆಟದಂತೆಯೇ ಕಾಣುತ್ತದೆ.

ಮೊದಲ ನಾಲ್ಕು ಸೆಕೆಂಡು ನಾಯಿ ಸೋಫಾ ಮತ್ತು ಗೋಡೆಯ ನಡುವಿನ ಇಕ್ಕಟ್ಟಿನಲ್ಲಿ ಮಲಗಿ ನಾಲಿಗೆ ಚಾಚಿ ತೇಕುತ್ತಿದೆ. ಮಗು ಎರಡು ಹೆಜ್ಜೆ ಮುಂದಿಡುತ್ತದೆ, ನಾಯಿಯ ಬಾಯಿ ಮುಚ್ಚಿಕೊಳ್ಳುತ್ತದೆ. ಇದೇ ಮೊದಲ ಸೂಚನೆ. ಮಳೆಗಾಲದ ಮುಂಬಯಿ ಸೆಖೆಯಲ್ಲಿ ತೇಕುತ್ತಿದ್ದ ಲ್ಯಾಬ್ರಡಾರ್ ತಟ್ಟನೆ ಬಾಯಿ ಮುಚ್ಚಿತೆಂದರೆ ಅದಕ್ಕೆ ತಂಪಾಯಿತು ಎಂದಲ್ಲ, ಅದರ ಗಮನವೆಲ್ಲ ಒಂದೇ ಕಡೆ ನೆಟ್ಟಿತು ಎಂದು ಅರ್ಥ. ಮರುಕ್ಷಣವೇ ನಾಲಿಗೆಯ ತುದಿ ಹೊರಬಂದು ಮೂಗನ್ನು ಮುಟ್ಟಿ ಒಳಗೆ ಹೋಗುತ್ತದೆ. ಇದು ಅರೆ ಸೆಕೆಂಡಿನ ಕೆಲಸ. ಸುತ್ತ ಯಾರ ಕೈಯಲ್ಲೂ ತಿಂಡಿ ಇಲ್ಲ. ನೀವು ಮುದ್ದಿನಿಂದ ನಾಲಿಗೆ ಸವರಿಕೊಳ್ಳುವುದು ಎಂದು ತಿಳಿದದ್ದು ಇದನ್ನೇ. ನಾಯಿ ಹೀಗೆ ಮೂಗನ್ನೋ ತುಟಿಯನ್ನೋ ಸರಕ್ಕನೆ ನೆಕ್ಕಿಕೊಳ್ಳುವುದು ಎದುರಿನವರು ಹತ್ತಿರ ಬರುವುದು ತನಗೆ ಕಸಿವಿಸಿ ಎಂದು ತಿಳಿಸಲು.

ಒಂಬತ್ತನೆಯ ಸೆಕೆಂಡಿಗೆ ಅದು ಮುಖವನ್ನು ಗೋಡೆಯತ್ತ ತಿರುಗಿಸುತ್ತದೆ. ಮಗುವೂ ಸುತ್ತಿಬಂದು ಮುಖದ ಮುಂದೆಯೇ ಕುಳಿತುಕೊಳ್ಳುತ್ತದೆ. ನಾಯಿ ದೊಡ್ಡದಾಗಿ ಆಕಳಿಸುತ್ತದೆ. ಆಮೇಲೆ ಧ್ವನಿ ಹಾಕಿ ಕೇಳಿದಾಗ ಇದೇ ಜಾಗದಲ್ಲಿ ಯಾರೋ ‘ಪಾಪ, ನಿದ್ದೆ ಬಂದಿದೆ’ ಎನ್ನುವುದು ಕೇಳಿಸಿತು. ನಿದ್ದೆಯ ಆಕಳಿಕೆಯಲ್ಲಿ ಕಣ್ಣು ಮುಚ್ಚುತ್ತದೆ, ಮೈ ಸಡಿಲವಾಗುತ್ತದೆ. ಇಲ್ಲಿ ಕಣ್ಣು ತೆರೆದೇ ಇದೆ, ಮುಖ ಮತ್ತೆ ಗೋಡೆಯತ್ತ ಹೋದರೂ ಕಣ್ಣುಗುಡ್ಡೆ ಮಾತ್ರ ಮಗುವಿನ ಮೇಲೆಯೇ ಉಳಿದಿದೆ. ಹಾಗಾಗಿ ಕಣ್ಣಿನ ಬಿಳಿ ಭಾಗ ಎಳೆಚಂದ್ರನಂತೆ ಒಂದು ಅಂಚಿನಲ್ಲಿ ಕಾಣುತ್ತದೆ. ನನ್ನ ಚಿಕಿತ್ಸಾಲಯದ ಮೇಜಿನ ಮೇಲೆ ಈ ಬಿಳಿ ಅಂಚು ಕಂಡರೆ ನಾನು ಕೈ ಹಿಂದಕ್ಕೆ ತೆಗೆಯುತ್ತೇನೆ. ಹೊಸತರಲ್ಲಿ ಒಮ್ಮೆ ತೆಗೆಯಲಿಲ್ಲ, ಅದರ ಗುರುತು ಎಡ ಮಣಿಕಟ್ಟಿನಲ್ಲಿ ಈಗಲೂ ಇದೆ.

ಇನ್ನು ಬಾಲ. ಅಲ್ಲಾಡಿದ್ದು ನಿಜ, ಆದರೆ ಯಾವ ಭಾಗ ಅಲ್ಲಾಡಿತು ಎಂಬುದನ್ನು ಯಾರೂ ನೋಡಲಿಲ್ಲ. ನೀವು ಕಚೇರಿಯಿಂದ ಮನೆಗೆ ಬಂದಾಗ ಅದು ಬಾಲವನ್ನು ಬೀಸುವ ಬಗೆಯನ್ನು ನೆನಪಿಸಿಕೊಳ್ಳಿ: ಬುಡದಿಂದಲೇ ಅಗಲವಾಗಿ ಬೀಸುತ್ತದೆ, ಜೊತೆಗೆ ಸೊಂಟವೂ ತೂಗುತ್ತದೆ. ಈ ವಿಡಿಯೊದಲ್ಲಿ ಬುಡ ಬಿಗಿದು ಮೈಗೆ ಅಂಟಿಕೊಂಡಿದೆ, ತುದಿಯ ಒಂದು ಗೇಣು ಮಾತ್ರ ಬೇಗಬೇಗ ನೆಲಕ್ಕೆ ಬಡಿಯುತ್ತಿದೆ. ಬಾಲ ಅಲ್ಲಾಡುವುದು ನಾಯಿಯ ಒಳಗೆ ಉದ್ವೇಗವಿದೆ ಎಂಬುದನ್ನಷ್ಟೇ ಹೇಳುತ್ತದೆ. ಅದು ಸಂತೋಷದ್ದೋ ಭಯದ್ದೋ ಎಂದು ತಿಳಿಯಲು ಉಳಿದ ಮೈಯನ್ನು ನೋಡಬೇಕಾಗುತ್ತದೆ. ಇಪ್ಪತ್ತನಾಲ್ಕನೆಯ ಸೆಕೆಂಡಿಗೆ ಆ ತುದಿಯೂ ನಿಲ್ಲುತ್ತದೆ, ಉಸಿರಾಟವೂ ಕಾಣಿಸುವುದಿಲ್ಲ, ಸುಮಾರು ಎರಡು ಸೆಕೆಂಡು ನಾಯಿ ಕಲ್ಲಿನಂತೆ ಸೆಟೆದಿರುತ್ತದೆ. ಇದು ಕೊನೆಯ ಸೂಚನೆ. ನೋಡುವವರಿಗೆ ಮಾತ್ರ ನಾಯಿ ಈಗ ಶಾಂತವಾಯಿತು ಎಂದು ತೋರುವುದು ದುರದೃಷ್ಟ. ಮಗು ಕೊರಳಿಗೆ ಕೈ ಹಾಕಿದ್ದು ಆಗಲೇ.

ಹಾಗಾದರೆ ಅದು ಗುರುಗುಟ್ಟಲಿಲ್ಲವೇಕೆ? ಬ್ರಿಟನ್ನಿನ ಪಶುವೈದ್ಯೆ ಕೆಂಡಲ್ ಶೆಫರ್ಡ್ ಈ ಸೂಚನೆಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿ ತೋರಿಸಿದ್ದಾರೆ. ಆಕಳಿಕೆ, ಮೂಗು ನೆಕ್ಕುವುದು ಕೆಳಗಿನ ಮೆಟ್ಟಿಲು. ಮುಖ ತಿರುಗಿಸುವುದು, ಎದ್ದುಹೋಗುವುದು, ಕಿವಿ ಹಿಂದಕ್ಕೆಳೆದು ಕುಗ್ಗುವುದು ನಡುವಿನವು. ಸೆಟೆದು ದಿಟ್ಟಿಸುವುದು, ಗುರುಗುಟ್ಟುವುದು, ಗಾಳಿಗೆ ಬಾಯಿ ಹಾಕುವುದು, ಕಚ್ಚುವುದು ಮೇಲಿನವು. ಎದ್ದುಹೋಗುವ ಮೆಟ್ಟಿಲನ್ನು ನಿಮ್ಮ ಸೋಫಾ ಮತ್ತು ಗೋಡೆ ಮುಚ್ಚಿದ್ದವು. ಗುರುಗುಟ್ಟುವ ಮೆಟ್ಟಿಲನ್ನು ನೀವೇ ಕಿತ್ತುಹಾಕಿದ್ದೀರಿ: ನಾಯಿಗೆ ಎರಡು ವರ್ಷವಿದ್ದಾಗ ಮೂಳೆ ಕಡಿಯುವಾಗ ಗುರ್ ಎಂದಿತೆಂದು, ತರಬೇತುದಾರನೊಬ್ಬನ ಮಾತು ಕೇಳಿ, ಸುರುಳಿ ಸುತ್ತಿದ ಪತ್ರಿಕೆಯಿಂದ ಹೊಡೆದು ಆ ಅಭ್ಯಾಸ ಬಿಡಿಸಿದೆವು ಎಂದು ನೀವೇ ಹೆಮ್ಮೆಯಿಂದ ಹೇಳಿದಿರಿ. ಹೊಡೆತದಿಂದ ಹೋದದ್ದು ಸದ್ದು ಮಾತ್ರ, ಅದರ ಹಿಂದಿನ ಭಯ ಹೋಗಲಿಲ್ಲ. ಗುರುಗುಟ್ಟುವ ನಾಯಿಯನ್ನು ನನ್ನ ಬಳಿ ತಂದರೆ ನಾನು ನಿರಾಳವಾಗಿ ಕೆಲಸ ಮಾಡುತ್ತೇನೆ, ಎಲ್ಲಿಯವರೆಗೆ ಸಹಿಸುತ್ತೇನೆ ಎಂದು ಅದು ಹೇಳುತ್ತಿರುತ್ತದೆ.

ವಿಡಿಯೊದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕಿವಿ. ಲ್ಯಾಬ್ರಡಾರ್‌ನಂಥ ಜೋಲುಗಿವಿಯ ನಾಯಿಯಲ್ಲಿ ಕಿವಿಯ ತುದಿ ನೋಡಿ ಪ್ರಯೋಜನವಿಲ್ಲ, ಬುಡವನ್ನು ನೋಡಬೇಕು. ಹೆದರಿದಾಗ ಎರಡೂ ಬುಡಗಳು ಹಿಂದಕ್ಕೂ ಕೆಳಕ್ಕೂ ಸರಿದು ಹಣೆ ನುಣುಪಾಗುತ್ತದೆ. ನಿಮ್ಮ ನಾಯಿಯಲ್ಲಿ ಹಾಗೆ ಸರಿದಿದೆ, ಆದರೆ ಎಡಗಿವಿ ಬಲಗಿವಿಗಿಂತ ಮೊದಲಿನಿಂದಲೂ ತುಸು ಕೆಳಗಿದೆ, ತಲೆಯೂ ಆ ಕಡೆ ವಾಲಿದೆ. ಮಗುವಿನ ಅಂಗೈ ಒತ್ತಿದ್ದು ಅದೇ ಎಡಗಿವಿಯ ಮೇಲೆ. ನಾನು ಹೇಳಿದ ಮೇಲೆ ನೀವು ಹತ್ತಿರದ ವೈದ್ಯರಿಗೆ ತೋರಿಸಿದಿರಿ, ಕಿವಿಯ ನಾಳ ಕೆಂಪಾಗಿ ಊದಿ, ಒಳಗೆ ಕಂದು ಬಣ್ಣದ ದುರ್ವಾಸನೆಯ ಗುಗ್ಗೆ ತುಂಬಿತ್ತು. ಜೋಲುಗಿವಿಯೊಳಗೆ ಗಾಳಿಯಾಡುವುದಿಲ್ಲ, ಮಳೆಗಾಲದ ತೇವದಲ್ಲಿ ಸೋಂಕು ಹತ್ತುವುದು ಸುಲಭ. ಮೂರು ವಾರಗಳಿಂದ ತಲೆ ಕೊಡವುತ್ತಿತ್ತು ಎಂಬುದು ನಿಮಗೆ ಆಮೇಲೆ ನೆನಪಾಯಿತು. ಅಷ್ಟು ದಿನ ನೀವು ಬಿಡುತ್ತಿದ್ದ ಕೊಬ್ಬರಿ ಎಣ್ಣೆ ಆ ತೇವವನ್ನು ಇನ್ನಷ್ಟು ಹೊತ್ತು ಒಳಗೇ ಹಿಡಿದಿಟ್ಟಿತು. ಈ ನೋವಿನ ಜೊತೆಗೆ ಬೀದಿಯ ಢೋಲ್-ತಾಶಾ, ಪಟಾಕಿ, ಮನೆ ತುಂಬ ನೆಂಟರು. ಒಂದರ ಬೆದರಿಕೆ ಇಳಿಯುವ ಮೊದಲೇ ಇನ್ನೊಂದು ಬಂದು ಕೂರುತ್ತಿದ್ದುದರಿಂದ, ಉಳಿದ ದಿನಗಳಲ್ಲಿ ಸಹಿಸಿಕೊಳ್ಳುತ್ತಿದ್ದ ಅಪ್ಪುಗೆಯನ್ನು ಆ ದಿನ ಅದು ಸಹಿಸಲಿಲ್ಲ.

ಇನ್ನು ಮುಂದೆ ಮೇಲಿನವುಗಳಲ್ಲಿ ಎರಡು ಸೂಚನೆಗಳು ಒಟ್ಟಿಗೆ ಕಂಡರೆ ಮಗುವನ್ನು ಕರೆದು ದೂರ ತನ್ನಿ. ನಾಯಿಯ ಕೊರಳಪಟ್ಟಿ ಹಿಡಿದು ಎಳೆಯಬೇಡಿ, ಸೆಟೆದ ನಾಯಿ ಎಳೆದ ಕೈಯನ್ನೇ ಕಚ್ಚಬಹುದು. ಒಂದೇ ಒಂದು ಸೂಚನೆ ಕಂಡರೆ ಗಾಬರಿ ಬೇಡ, ಏಕೆಂದರೆ ಊಟದ ನಂತರ, ವಾಕರಿಕೆ ಬಂದಾಗ, ಹಲ್ಲು ನೋಯುವಾಗ ಕೂಡ ನಾಯಿ ತುಟಿ ನೆಕ್ಕುತ್ತದೆ. ಮುಟ್ಟುವುದು ಅದಕ್ಕೆ ಇಷ್ಟವೋ ಇಲ್ಲವೋ ತಿಳಿಯಲು ಎದೆಯ ಪಕ್ಕ ಮೂರು ಸೆಕೆಂಡು ಸವರಿ ಕೈ ತೆಗೆಯಿರಿ. ಬೇಕಿದ್ದರೆ ತಾನಾಗಿ ಮೈ ಒರಗಿಸುತ್ತದೆ, ಬೇಡವಾದರೆ ಮುಖ ತಿರುಗಿಸುತ್ತದೆ. ನಾಲ್ಕು ವರ್ಷದ ಮಗು ಇದನ್ನೆಲ್ಲ ಓದಲಾರದು, ಆ ವಯಸ್ಸಿನವರು ಹಲ್ಲು ತೋರಿಸುವ ನಾಯಿ ನಗುತ್ತಿದೆ ಎಂದುಕೊಳ್ಳುವುದೂ ಉಂಟು. ಆದ್ದರಿಂದ ನೆಂಟರ ಮಕ್ಕಳು ಬಂದಾಗ ನಾಯಿ ಬೇರೆ ಕೋಣೆಯಲ್ಲಿ, ನೀರು ಮತ್ತು ಫ್ಯಾನಿನ ಜೊತೆ, ಬಾಗಿಲು ಹಾಕಿಕೊಂಡಿರಲಿ. ಕಿವಿ ವಾಸಿಯಾದ ಮೇಲೂ ಇರಲಿ. ಇದು ಅತಿಯಾಯಿತು ಎಂದು ನಿಮ್ಮ ಅಣ್ಣನವರಿಗೆ ಅನ್ನಿಸಿದರೆ ಅನ್ನಿಸಲಿ.

ಬಾಲ ಬಲಕ್ಕೆ ಬೀಸಿದರೆ ಖುಷಿ, ಎಡಕ್ಕೆ ಬೀಸಿದರೆ ಅಪಾಯ ಎಂದು ಓದಿದೆ. ನಿಜವೇ?
— ಓದುಗರು, ಕೋಥ್ರೂಡ್, ಪುಣೆ

ಇಟಲಿಯ ಸಂಶೋಧಕರು 2007ರಲ್ಲಿ 30 ನಾಯಿಗಳನ್ನು ವಿಡಿಯೊ ತೆಗೆದು ಅಳೆದಾಗ, ಯಜಮಾನನನ್ನು ಕಂಡು ಬಾಲ ಹೆಚ್ಚಾಗಿ ಬಲಕ್ಕೂ, ಜೋರಿನ ಅಪರಿಚಿತ ನಾಯಿಯನ್ನು ಕಂಡು ಎಡಕ್ಕೂ ವಾಲಿತ್ತು. ಆದರೆ ಅದು ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ಕೋನ ಅಳೆದು ಕಂಡುಕೊಂಡ ವ್ಯತ್ಯಾಸ, ಮೆಟ್ಟಿಲ ಮೇಲೆ ಎದುರಾದ ನಾಯಿಯ ಹಿಂದೆ ಹೋಗಿ ಕಣ್ಣಳತೆಯಲ್ಲಿ ನೋಡುವಂಥದ್ದಲ್ಲ.

ನಾವು ಸಾಕಿದ ಬೀದಿನಾಯಿಯ ಬಾಲ ಸದಾ ಮೇಲಕ್ಕೆ ಸುರುಳಿಯಾಗಿರುತ್ತದೆ. ಇದು ಕೋಪವೇ?
— ಓದುಗರು, ಔಂಧ್, ಪುಣೆ

ಅಲ್ಲ, ನಮ್ಮ ನಾಡನಾಯಿಗಳಲ್ಲಿ ಬಹಳಷ್ಟಕ್ಕೆ ಬಾಲ ಇರುವುದೇ ಹಾಗೆ. ಆ ಸುರುಳಿ ಬಿಚ್ಚಿ ಕೆಳಗಿಳಿದ ದಿನ ಗಮನಿಸಿ. ಕತ್ತರಿಸಿದ ಬಾಲದ ನಾಯಿಗಳಲ್ಲಿ ಈ ಅನುಕೂಲವೂ ಇಲ್ಲ, ಅಲ್ಲಿ ಕಣ್ಣು ಮತ್ತು ಬಾಯಿಯೇ ಗತಿ.

ನಾಯಿ ಹಲ್ಲು ತೋರಿಸಿದರೆ ಕೂಡಲೇ ಅಂಗಾತ ಕೆಡವಿ ಕತ್ತು ಒತ್ತಿ ಹಿಡಿಯಿರಿ, ಯಾರು ಯಜಮಾನ ಎಂದು ಗೊತ್ತಾಗಲಿ ಎನ್ನುತ್ತಾರೆ ನಮ್ಮ ತರಬೇತುದಾರರು.
— ಓದುಗರು, ವಾಸ್ಕೊ, ಗೋವಾ

ತರಬೇತುದಾರರನ್ನು ಬದಲಾಯಿಸಿ. ತೋಳದ ಹಿಂಡನ್ನು ಬಲದಿಂದ ಆಳುವ ‘ಆಲ್ಫಾ’ ನಾಯಕನ ಕಥೆಯನ್ನು ತಮ್ಮ ಬರಹಗಳಿಂದ ಜನಪ್ರಿಯಗೊಳಿಸಿದ ವಿಜ್ಞಾನಿ ಡೇವಿಡ್ ಮೆಕ್ ಅವರೇ, ಕಾಡಿನ ಹಿಂಡೆಂದರೆ ಅಪ್ಪ ಅಮ್ಮ ಮತ್ತು ಮರಿಗಳ ಸಂಸಾರ ಎಂದು 1999ರಲ್ಲಿ ತಿದ್ದಿ ಬರೆದರು. ಹಲ್ಲು ತೋರಿಸುತ್ತಿರುವ ನಾಯಿಯ ಬಾಯಿಯ ಹತ್ತಿರ ನಿಮ್ಮ ಮುಖ ಕೊಂಡೊಯ್ಯುವ ಸಲಹೆಗೆ ಶುಲ್ಕ ಬೇರೆ ಕೊಡುತ್ತಿದ್ದೀರಿ.

ಬೊಗಳುವ ನಾಯಿ ಕಚ್ಚುವುದಿಲ್ಲ ಅಲ್ಲವೇ?
— ಓದುಗರು, ಮುಲುಂಡ್

ಬೊಗಳುತ್ತಿರುವಷ್ಟು ಹೊತ್ತು ಕಚ್ಚಲಾರದು, ಬಾಯಿ ಮುಚ್ಚಿ ಸೆಟೆದು ನಿಂತ ಮೇಲೆ ಈ ಗಾದೆಯನ್ನು ನಂಬಬೇಡಿ.

ಸಾಕುನಾಯಿ ಕಚ್ಚಿದೆ, ಗಾಯಕ್ಕೆ ಅರಿಶಿನ ಮತ್ತು ಸುಣ್ಣ ಹಚ್ಚಿದ್ದೇವೆ. ಸಾಕೇ?
— ಓದುಗರು, ಠಾಣೆ

ತೊಳೆದು ತೆಗೆಯಿರಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಈ ಅಂಕಣದ ಉತ್ತರಕ್ಕೆ ಕಾಯದೆ ಇವತ್ತೇ ಆಸ್ಪತ್ರೆಗೆ ಹೋಗಿ.