ಬಾಳೆಹಣ್ಣು ಬಿಟ್ಟರೂ ಶುಗರ್ ಇಳಿಯಲಿಲ್ಲ

ಸುಮಿತ್ರಮ್ಮ ಎಂದು ಕರೆಯೋಣ, ಹೆಸರು ಬದಲಿಸಿದ್ದೇನೆ. 54 ವರ್ಷ, ಸಕ್ಕರೆ ಕಾಯಿಲೆ ಬಂದು ಆರು ವರ್ಷ. ನನ್ನ ಎದುರು ಕೂತವರೇ ಸಣ್ಣ ನೋಟ್‌ಬುಕ್ ತೆಗೆದರು. ಮಧ್ಯಾಹ್ನ ಊಟಕ್ಕೆ ಮುಂಚೆ 124, ಎರಡು ಗಂಟೆ ಬಿಟ್ಟು 248. ಪುಟದ ತುಂಬ ಹೆಚ್ಚುಕಮ್ಮಿ ಇದೇ ಕಥೆ.

"ಎಂಟು ತಿಂಗಳಾಯ್ತು ಮೇಡಂ, ಒಂದು ಬಾಳೆಹಣ್ಣು ಬಾಯಿಗೆ ಹಾಕಿಲ್ಲ. ದೇವರ ಪ್ರಸಾದದ್ದನ್ನೂ ಮೊಮ್ಮಗನಿಗೇ ಕೊಡ್ತೀನಿ" ಎಂದರು. ಅನ್ನ ಎಷ್ಟು ಅಂತ ಕೇಳಿದೆ. "ಅನ್ನಕ್ಕೇನು, ಅದು ಸಿಹಿ ಅಲ್ವಲ್ಲ. ಮೂರು ಸೌಟು."

ಜೊತೆಗೆ ಬಂದಿದ್ದ ಅವರ ಯಜಮಾನರಿಗೂ ಶುಗರ್ ಇದೆ. ಅವರದು ಇದಕ್ಕೆ ಉಲ್ಟಾ. ತಿನಿಸೊಂದು ರಕ್ತದ ಶುಗರ್ ಎಷ್ಟು ಏರಿಸುತ್ತದೆ ಅಂತ ಹೇಳುವ ಅಂಕ ಗ್ಲೈಸೆಮಿಕ್ ಇಂಡೆಕ್ಸ್. ಬಾಳೆಹಣ್ಣಿನದು 51, ಕಡಿಮೆ ಗುಂಪಿನದು ಅಂತ ಎಲ್ಲೋ ಓದಿದ್ದರು. ಹಾಗಾಗಿ ಊಟ ಆದಮೇಲೆ ದಿನಾ ನಾಲ್ಕು ಏಲಕ್ಕಿ ಬಾಳೆ. ಒಂದೇ ಮನೆಯಲ್ಲಿ ಎರಡು ತಪ್ಪು, ಎರಡಕ್ಕೂ ಬೇರು ಒಂದೇ: ಎಷ್ಟು ತಿನ್ನುತ್ತೇವೆ ಅಂತ ನೋಡದಿರುವುದು.

ಮುಂದಿನ ಸಲ ಮನೆಯ ಸೌಟನ್ನೇ ತನ್ನಿ ಎಂದೆ. ತಂದರು, ಒಂದು ಡಬ್ಬಿ ಸೋನಾ ಮಸೂರಿ ಅನ್ನದ ಜೊತೆ. ಮೇಜಿನ ಮೇಲಿನ ತಕ್ಕಡಿಯಲ್ಲಿ ಅವರ ಒಂದು ಸೌಟು ಅನ್ನ 110 ಗ್ರಾಂ ತೂಗಿತು. ಮೂರು ಸೌಟು ಅಂದರೆ 330 ಗ್ರಾಂ. ಸಿಪ್ಪೆ ಸುಲಿದ ಏಲಕ್ಕಿ ಬಾಳೆ 55 ಗ್ರಾಂ ಇತ್ತು.

ಇಂಡೆಕ್ಸ್ ಅಳೆಯುವ ಬಗೆ ಹೀಗೆ. ಯಾವ ತಿನಿಸೇ ಆಗಲಿ, ಅದರಲ್ಲಿ 50 ಗ್ರಾಂ ಕಾರ್ಬೊಹೈಡ್ರೇಟ್ ಸಿಗುವಷ್ಟನ್ನು ಜನರಿಗೆ ಕೊಡುತ್ತಾರೆ. ಎರಡು ಗಂಟೆ ರಕ್ತದ ಶುಗರ್ ನೋಡುತ್ತಾರೆ. ಗ್ಲುಕೋಸ್‌ಗೆ 100 ಅಂತಿಟ್ಟು, ಅದಕ್ಕೆ ಹೋಲಿಸಿ ಅಂಕ ಕೊಡುತ್ತಾರೆ. ನಿಮ್ಮ ತಟ್ಟೆಯಲ್ಲಿ ಎಷ್ಟಿದೆ ಅನ್ನುವುದಕ್ಕೂ ಈ ಅಂಕಕ್ಕೂ ಸಂಬಂಧವೇ ಇಲ್ಲ. ಆ 50 ಗ್ರಾಂ ಸಿಗಬೇಕಾದರೆ ಏಲಕ್ಕಿ ಬಾಳೆ ನಾಲ್ಕು ಬೇಕು. ಅನ್ನವಾದರೆ ಸುಮಿತ್ರಮ್ಮನ ಸೌಟಲ್ಲಿ ಒಂದೂವರೆ ಸ್ವಲ್ಪ ದಾಟಿದರೆ ಸಾಕು.

ತಟ್ಟೆಯ ಲೆಕ್ಕ ಹೇಳುವುದು ಗ್ಲೈಸೆಮಿಕ್ ಲೋಡ್. ತಿಂದಷ್ಟರಲ್ಲಿ ಇರುವ ಕಾರ್ಬೊಹೈಡ್ರೇಟನ್ನು ಇಂಡೆಕ್ಸಿನಿಂದ ಗುಣಿಸಿ 100ರಿಂದ ಭಾಗಿಸಬೇಕು, ಅಷ್ಟೇ. ಒಂದು ಸಲಕ್ಕೆ 10ರೊಳಗೆ ಇದ್ದರೆ ಕಡಿಮೆ, 20 ದಾಟಿದರೆ ಜಾಸ್ತಿ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅವರ ಕೈಯಲ್ಲೇ ಬರೆಸಿದೆ. ಒಂದು ಬಾಳೆಹಣ್ಣಲ್ಲಿ ಸುಮಾರು 12 ಗ್ರಾಂ ಕಾರ್ಬ್, ಲೋಡ್ 6. ಮೂರು ಸೌಟು ಅನ್ನದಲ್ಲಿ ಸುಮಾರು 92 ಗ್ರಾಂ, ಇಂಡೆಕ್ಸ್ 72, ಲೋಡ್ 66. ಪೆನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಸುಮ್ನೆ ಕೂತರು. ಯಜಮಾನರ ನಾಲ್ಕು ಹಣ್ಣಿಗೆ ಲೋಡ್ 24 ಬಂತು. ಅದೂ ಊಟದ ಅನ್ನದ ಮೇಲೆ.

"ಆದ್ರೆ ಹಣ್ಣು ಅಷ್ಟು ಸಿಹಿ ಇರುತ್ತಲ್ಲ?" ಎಂದರು ಸುಮಿತ್ರಮ್ಮ. ಎಲ್ಲರೂ ಎಡವುವುದು ಇಲ್ಲೇ. ಅನ್ನದ ಪಿಷ್ಟ ನಾಲಿಗೆಗೆ ಸಪ್ಪೆ. ಆದರೆ ಅದು ಗ್ಲುಕೋಸಿನದೇ ಸರಪಳಿ, ಹೊಟ್ಟೆಯಲ್ಲಿ ಕಳಚಿಕೊಂಡು ಎಲ್ಲವೂ ಗ್ಲುಕೋಸ್ ಆಗಿಯೇ ರಕ್ತ ಸೇರುತ್ತದೆ. ಬಾಳೆಹಣ್ಣಿನ ಸಕ್ಕರೆಯಲ್ಲಿ ಒಂದು ಪಾಲು ಫ್ರುಕ್ಟೋಸ್. ಅದು ಬಾಯಿಗೆ ಗ್ಲುಕೋಸಿಗಿಂತ ಸಿಹಿ, ರಕ್ತದ ಗ್ಲುಕೋಸನ್ನು ಏರಿಸುವುದು ಮಾತ್ರ ಕಡಿಮೆ. ಹಣ್ಣು ಕಳಿತಂತೆ ಪಿಷ್ಟ ಸಕ್ಕರೆಯಾಗುತ್ತದೆ, ಹಾಗಾಗಿ ಚುಕ್ಕೆ ಬಿದ್ದ ಹಣ್ಣಿನ ಇಂಡೆಕ್ಸ್ ದೋರುಗಾಯಿಗಿಂತ ಜಾಸ್ತಿ. ಒಂದು ಪಟ್ಟಿಯಲ್ಲಿ ಒಂದು ಅಂಕ, ಇನ್ನೊಂದರಲ್ಲಿ ಇನ್ನೊಂದು ಕಾಣುವುದಕ್ಕೆ ಇದೂ ಒಂದು ಕಾರಣ. ಅಕ್ಕಿಯಲ್ಲೂ ತಳಿಯಿಂದ ತಳಿಗೆ ಅಂಕ ಬದಲಾಗುತ್ತದೆ.

ನಾನು ಹೇಳಿದ್ದು ಇಷ್ಟು. ಅನ್ನ ಒಂದೂವರೆ ಸೌಟು, ಆಗ ಲೋಡ್ 33ಕ್ಕೆ ಇಳಿಯುತ್ತದೆ. ಅದೂ ಕಡಿಮೆಯೇನಲ್ಲ, ಆದರೆ ಅರ್ಧ. ತಟ್ಟೆಯಲ್ಲಿ ಖಾಲಿಯಾದ ಜಾಗಕ್ಕೆ ಹುರುಳಿಕಾಯಿ ಪಲ್ಯ, ಮೊಳಕೆಕಾಳಿನ ಉಸಲಿ. ಅನ್ನಕ್ಕೆ ಕೈ ಹಾಕುವ ಮುಂಚೆ ಅವನ್ನೇ ತಿನ್ನಬೇಕು. ಬಾಳೆಹಣ್ಣು ಒಂದು, ಸಂಜೆ ನಾಲ್ಕಕ್ಕೆ, ಹಿಡಿ ಕಡಲೆಕಾಯಿ ಜೊತೆ. ಊಟದ ಹಿಂದೆಯೇ ಬೇಡ. ಯಜಮಾನರಿಗೂ ದಿನಕ್ಕೆ ಒಂದೇ. ಇಬ್ಬರಿಗೂ ಕಿಡ್ನಿ ತೊಂದರೆ ಇಲ್ಲ ಅಂತ ರಿಪೋರ್ಟ್ ನೋಡಿಕೊಂಡೇ ಹಣ್ಣಿಗೆ ಒಪ್ಪಿದೆ, ಬಾಳೆಯಲ್ಲಿ ಪೊಟ್ಯಾಶಿಯಂ ಜಾಸ್ತಿ. ಸುಮಿತ್ರಮ್ಮ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುತ್ತಾರೆ. ಅನ್ನ ದಿಢೀರ್ ಅರ್ಧವಾದರೆ ಶುಗರ್ ತೀರಾ ಕೆಳಗೆ ಬೀಳಬಹುದು. ಹಾಗಾಗಿ ಮೊದಲು ಡಾಕ್ಟರ್‌ಗೆ ಹೇಳಿ, ಆಮೇಲೆ ಶುರು ಮಾಡಿ ಎಂದೆ. ಕೈ ನಡುಕ, ಬೆವರು ಬಂದರೆ ತಕ್ಷಣ ಸಕ್ಕರೆ ನೀರು ಕುಡಿಯಬೇಕು ಅಂತಲೂ ತಿಳಿಸಿದೆ.

ಲೋಡ್ ಕೂಡ ಅಂದಾಜೇ. ಒಂದೇ ಊಟಕ್ಕೆ ಇಬ್ಬರ ಮೈ ಬೇರೆ ಬೇರೆ ಥರ ಏರುತ್ತದೆ. ಅದಕ್ಕೇ ಗ್ಲುಕೋಮೀಟರ್ ಬಿಡಬೇಡಿ ಎಂದೆ.

ಮೂರು ವಾರದ ಮೇಲೆ ನೋಟ್‌ಬುಕ್ ಮತ್ತೆ ಬಂತು. ಊಟಕ್ಕೆ ಮುಂಚೆ 118, ಎರಡು ಗಂಟೆ ಬಿಟ್ಟು 176. ಇನ್ನೊಂದು ಸಾಲು ಅವರೇ ಸೇರಿಸಿದ್ದರು: "ಸಂಜೆ ಬಾಳೆಹಣ್ಣು 1. ಮುಂಚೆ 131, ಆಮೇಲೆ 149." ಅದರ ಪಕ್ಕದಲ್ಲಿ, "ಪ್ರಸಾದದ್ದು."